ಬೀದರಿಗೆ ಸರಿ, ಮಂಜೇಶ್ವರಕ್ಕೆ ಯಾಕಿಲ್ಲ?

ಗುಲ್ವಾಡಿಯ ಮನೆಯೊಂದರಲ್ಲಿ ಹೊಲಿದ ಮಗುವಿನ ಫ್ರಾಕನ್ನು ಆನ್‌ಲೈನ್ ಮಾರುಕಟ್ಟೆಯ ಮೂಲಕ ಬೀದರಿಗೆ ಮಾರಬಹುದು. ಅದಕ್ಕೆ ಜಿಎಸ್‌ಟಿ ನೋಂದಣಿ ಬೇಡ. ಅದೇ ಫ್ರಾಕನ್ನು ಮಂಗಳೂರು ದಾಟಿ, ತಲಪಾಡಿಯ ಆಚೆ ಇರುವ ಮಂಜೇಶ್ವರಕ್ಕೆ ಕಳುಹಿಸಬೇಕಾದರೆ ಮೊದಲ ಫ್ರಾಕಿಗೇ ನೋಂದಣಿ ಬೇಕು. ಬೀದರ್ ನಮ್ಮಿಂದ ಎಷ್ಟು ದೂರ, ಮಂಜೇಶ್ವರ ಎಷ್ಟು ಹತ್ತಿರ ಎಂದು ನಮ್ಮ ಕಾಲೇಜಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಂಜೇಶ್ವರದಲ್ಲಿ ಕನ್ನಡ ಓದುವವರಿದ್ದಾರೆ, ನಮ್ಮೂರಿನವರಿಗೆ ಅಲ್ಲಿ ನೆಂಟರೂ ಇದ್ದಾರೆ. ಆದರೆ ತೆರಿಗೆ ಕಾನೂನು ನೋಡುವುದು ಕಿಲೋಮೀಟರನ್ನಲ್ಲ, ರಾಜ್ಯದ ಗಡಿಯನ್ನು.

ಈ ಗಡಿ ನಿಯಮದಿಂದ ಒಬ್ಬ ಸಣ್ಣ ಮಾರಾಟಗಾರ್ತಿಗೆ ಎಷ್ಟು ಕೆಲಸ ಬೀಳುತ್ತದೆ, ಸರ್ಕಾರಕ್ಕೆ ಎಷ್ಟು ಹಣ ಬರುತ್ತದೆ ಎನ್ನುವುದನ್ನು ಲೆಕ್ಕ ಸಮೇತ ಹೇಳುವುದು ಈ ಬರಹದ ಉದ್ದೇಶ. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನನ್ನ ಅತ್ತಿಗೆ ಮನೆಯಲ್ಲಿ ಹತ್ತಿ ಬಟ್ಟೆಯ ಫ್ರಾಕ್ ಹೊಲಿದು ಆನ್‌ಲೈನಿನಲ್ಲಿ ಮಾರುತ್ತಾರೆ. ಹೊಲಿಗೆ ಅವರದ್ದು, ಲೆಕ್ಕ ನನ್ನದು. ಆದ್ದರಿಂದ ನಾನು ಬರೆಯುತ್ತಿರುವುದು ಪಾಠಪುಸ್ತಕದಿಂದ ಮಾತ್ರ ಅಲ್ಲ.

ನೋಂದಣಿಯೂ ದಾಖಲಾತಿಯೂ ಒಂದೇ ಅಲ್ಲ

ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಕುಂದಾಪುರ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಈ ವಿನಾಯಿತಿ ಮೊದಲಿನಿಂದ ತಿಳಿದಿದೆ. ಆದರೆ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಕೆಲವರಿಗೆ ಈ ಮಿತಿಯನ್ನು ಕೊಡುವುದೇ ಇಲ್ಲ. ಹೊರರಾಜ್ಯಕ್ಕೆ ಸರಕು ಮಾರುವವರು ಅವರಲ್ಲಿ ಒಬ್ಬರು. ಟಿಸಿಎಸ್ ಹಿಡಿಯಬೇಕಾದ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರು ಇನ್ನೊಬ್ಬರು. ಹೀಗಾಗಿ ಬಹಳ ವರ್ಷ, ಅಂಗಡಿಯಲ್ಲಿ 39 ಲಕ್ಷದ ಬಟ್ಟೆ ಮಾರಿದವರಿಗೆ ನೋಂದಣಿ ಬೇಡ, ಆ್ಯಪ್‌ನಲ್ಲಿ 39 ರೂಪಾಯಿಯ ಕರ್ಚೀಫು ಮಾರಿದವರಿಗೆ ಬೇಕು ಎನ್ನುವ ಸ್ಥಿತಿ ಇತ್ತು.

2023ರ ಅಕ್ಟೋಬರ್ 1ರಿಂದ ಇದು ಅರ್ಧ ಸರಿಯಾಯಿತು. ಈಗ ಮಿತಿಯೊಳಗಿನ ಸಣ್ಣ ಮಾರಾಟಗಾರರು ನೋಂದಣಿ ಇಲ್ಲದೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರಬಹುದು. ಅದಕ್ಕೆ ಪಾನ್ ಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಾನ್, ವ್ಯಾಪಾರದ ವಿಳಾಸ ಮತ್ತು ರಾಜ್ಯವನ್ನು ತಿಳಿಸಿ ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು. ಇದನ್ನು ಎನ್‌ರೋಲ್‌ಮೆಂಟ್ ನಂಬರ್ ಎಂದು ಕರೆಯುತ್ತಾರೆ. ಇದು ಜಿಎಸ್‌ಟಿಐಎನ್ ಅಲ್ಲ. ಇದನ್ನು ಪಡೆದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ರಿಟರ್ನ್ ಸಲ್ಲಿಸಬೇಕಾಗಿಲ್ಲ, ಮಾರುಕಟ್ಟೆಯವರು ಇವರಿಂದ ಟಿಸಿಎಸ್ ಹಿಡಿಯುವಂತೆಯೂ ಇಲ್ಲ. ಇವರ ಮಾರಾಟದ ವಿವರವನ್ನು ಮಾರುಕಟ್ಟೆಯವರೇ ತಮ್ಮ ರಿಟರ್ನ್‌ನಲ್ಲಿ ಸರ್ಕಾರಕ್ಕೆ ಕೊಡುತ್ತಾರೆ.

ಷರತ್ತು ಮುಖ್ಯವಾಗಿ ಎರಡು. ದಾಖಲಾತಿ ಒಂದೇ ರಾಜ್ಯದಲ್ಲಿರಬೇಕು. ಹೊರರಾಜ್ಯಕ್ಕೆ ಒಂದೂ ಮಾರಾಟ ಇರಬಾರದು. ಬೀದರಿಗೆ ಸರಿ, ಮಂಜೇಶ್ವರಕ್ಕೆ ಇಲ್ಲ ಎಂದದ್ದು ಈ ಎರಡನೆಯ ಷರತ್ತಿನಿಂದ.

ಅತ್ತಿಗೆ ಶುರು ಮಾಡಿದ್ದು ಹೀಗೆ ದಾಖಲಾತಿ ಸಂಖ್ಯೆಯಿಂದಲೇ. ಅದಕ್ಕೂ ಸ್ವಲ್ಪ ಅಲೆದಾಟ ಆಯಿತು. ನಾವು ಮೊದಲು ನೋಡಿದ ಆ್ಯಪ್‌ನ ಅರ್ಜಿಯಲ್ಲಿ ಜಿಎಸ್‌ಟಿಐಎನ್ ಕಾಲಂ ತುಂಬದೆ ಮುಂದಿನ ಪುಟಕ್ಕೆ ಹೋಗಲು ಆಗುತ್ತಿರಲಿಲ್ಲ. ದಾಖಲಾತಿ ಸಂಖ್ಯೆ ಹಾಕುವ ಜಾಗವೇ ಅಲ್ಲಿರಲಿಲ್ಲ. ಎರಡನೆಯ ಆ್ಯಪ್‌ನಲ್ಲಿ ಆ ಜಾಗ ಇತ್ತು, ಎರಡು ದಿನದಲ್ಲಿ ಅಂಗಡಿ ತೆರೆಯಿತು. ಮೊದಲನೆಯವರು ಯಾಕೆ ಹಾಗೆ ಮಾಡಿರಬಹುದು ಎಂದು ಆಮೇಲೆ ಓದಿ ತಿಳಿದೆ. ಅರ್ಹತೆ ಇಲ್ಲದವರಿಗೆ ಮಾರಲು ಬಿಟ್ಟರೆ ಮಾರುಕಟ್ಟೆಯವರಿಗೆ 10,000 ರೂಪಾಯಿ ಅಥವಾ ಆ ಮಾರಾಟದ ತೆರಿಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ ಬೀಳಬಹುದು. ಎಲ್ಲರಿಂದಲೂ ಜಿಎಸ್‌ಟಿಐಎನ್ ಕೇಳಿಬಿಟ್ಟರೆ ಅವರಿಗೆ ತಲೆನೋವಿಲ್ಲ. ಕಾನೂನು ತೆರೆದ ಬಾಗಿಲನ್ನು ಅರ್ಜಿಯ ಒಂದು ಕಾಲಂ ಮುಚ್ಚಬಹುದು ಎಂದು ನನಗೆ ಆಗ ಅರ್ಥವಾಯಿತು.

ದಾಖಲಾತಿ ಸಂಖ್ಯೆಯ ಅಂಗಡಿ ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಕಾಣುತ್ತದೆ. ಅತ್ತಿಗೆಯ ಫ್ರಾಕ್ ನೋಡಿ ಮಂಜೇಶ್ವರ, ಕಾಸರಗೋಡು, ಮುಂಬಯಿಯ ಕಡೆಯವರು ಕೇಳಲು ಶುರು ಮಾಡಿದಾಗ ಅವರಿಗೆ ಕಂಡದ್ದು ‘ಈ ವಿಳಾಸಕ್ಕೆ ಲಭ್ಯವಿಲ್ಲ’ ಎಂಬ ಸಾಲು. ‘ಅಲ್ಲ ಮಾರಾಯ್ತಿ, ಬೆಂಗ್ಳೂರಿಗೆ ಹೋತ್ತ್, ಮಂಜೇಶ್ವರಕ್ಕೆ ಎಂತಕ್ಕೆ ಹೋತಿಲ್ಲ?’ ಎಂದು ಅತ್ತಿಗೆ ಕೇಳಿದರು. ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿದು ಅಂಚೆಯಲ್ಲಿ ಕಳುಹಿಸಿದರಾಯಿತು ಎಂದು ಹಲವರು ಸಲಹೆ ಕೊಟ್ಟರು. ಅದೂ ದಾರಿಯಲ್ಲ. ಅಲ್ಲಿ ಟಿಸಿಎಸ್ ಇರುವುದಿಲ್ಲ ನಿಜ, ಏಕೆಂದರೆ ಹಣ ನೇರವಾಗಿ ನಮಗೆ ಬರುತ್ತದೆ, ನಡುವೆ ಹಣ ಪಡೆಯುವ ಮಾರುಕಟ್ಟೆ ಇಲ್ಲ. ಆದರೆ ಹೊರರಾಜ್ಯಕ್ಕೆ ಸರಕು ಮಾರಿದರೆ ನೋಂದಣಿ ಬೇಕು ಎಂಬ ನಿಯಮ ಅಂಚೆ ಪಾರ್ಸೆಲಿಗೂ ಅಷ್ಟೇ ಅನ್ವಯಿಸುತ್ತದೆ. ಕೊನೆಗೆ ಅತ್ತಿಗೆ ನೋಂದಣಿಯನ್ನೇ ಮಾಡಿಸಿದರು. ಮನೆಯ ಕರೆಂಟ್ ಬಿಲ್ ಮಾವನ ಹೆಸರಿನಲ್ಲಿತ್ತು, ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡೆವು.

ಒಂದು ತಿಂಗಳ ಲೆಕ್ಕ

ನೋಂದಣಿಯ ನಂತರದ ಒಂದು ಹಬ್ಬದ ತಿಂಗಳನ್ನು ತೆಗೆದುಕೊಳ್ಳೋಣ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿದ್ದೇನೆ.

ಫ್ರಾಕ್‌ನ ಬೆಲೆ 500 ರೂಪಾಯಿ. ಇಷ್ಟು ಬೆಲೆಯ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅಂದರೆ 25 ರೂಪಾಯಿ. ಗ್ರಾಹಕರು ಕೊಡುವುದು 525. ಆ ತಿಂಗಳು 100 ಫ್ರಾಕ್ ಹೋದವು, 12 ವಾಪಸ್ ಬಂದವು. ಉಳಿದ 88ರಲ್ಲಿ 52 ಕರ್ನಾಟಕದೊಳಗೆ, 36 ಹೊರರಾಜ್ಯಗಳಿಗೆ. ತೆರಿಗೆ ಬಿಟ್ಟು ನಿವ್ವಳ ಮಾರಾಟ 44,000 ರೂಪಾಯಿ: ರಾಜ್ಯದೊಳಗೆ 26,000, ಹೊರಗೆ 18,000.

ಈಗ ಟಿಸಿಎಸ್ ಬರುತ್ತದೆ. ಟಿಸಿಎಸ್ ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಗ್ರಾಹಕರ ಹಣ ಮೊದಲು ಮಾರುಕಟ್ಟೆಯವರ ಕೈಗೆ ಹೋಗುತ್ತದೆ. ಅವರು ನಮಗೆ ಕೊಡುವ ಮೊದಲು ಒಂದು ಪಾಲು ಹಿಡಿದು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುತ್ತಾರೆ. 2018ರ ಅಕ್ಟೋಬರ್‌ನಿಂದ ಇದು ಶೇ. 1 ಇತ್ತು. 2024ರ ಜುಲೈ 10ರಿಂದ ಶೇ. 0.5 ಆಗಿದೆ. ಲೆಕ್ಕ ಹಾಕುವುದು 525ರ ಮೇಲಲ್ಲ, ತೆರಿಗೆ ಬಿಟ್ಟ 500ರ ಮೇಲೆ. ಅದೂ ಆ ತಿಂಗಳು ವಾಪಸ್ ಬಂದದ್ದನ್ನು ಕಳೆದ ಮೇಲೆ. ಹಾಗಾಗಿ 44,000ಕ್ಕೆ 220 ರೂಪಾಯಿ. ಹೊರರಾಜ್ಯದ ಮಾರಾಟಕ್ಕೆ ಐಜಿಎಸ್‌ಟಿ 90, ಒಳಗಿನದ್ದಕ್ಕೆ ಸಿಜಿಎಸ್‌ಟಿ 65 ಮತ್ತು ಎಸ್‌ಜಿಎಸ್‌ಟಿ 65.

ಮಾರುಕಟ್ಟೆಯವರು ತಮ್ಮ ಕಮಿಷನ್ ಮತ್ತು ಸಾಗಣೆ ಎಂದು 8,000 ರೂಪಾಯಿ ಹಿಡಿದರು. ಅದರ ಮೇಲೆ ಶೇ. 18 ಜಿಎಸ್‌ಟಿ 1,440. ಬ್ಯಾಂಕಿಗೆ ಎಷ್ಟು ಬಂತು ನೋಡಿ. 88 ಫ್ರಾಕ್‌ಗೆ 525ರಂತೆ 46,200. ಅದರಿಂದ 9,440 ಶುಲ್ಕ ಮತ್ತು 220 ಟಿಸಿಎಸ್ ಕಳೆದರೆ 36,540.

ಈಗ ಅತ್ತಿಗೆ ಕಟ್ಟಬೇಕಾದ ಜಿಎಸ್‌ಟಿ. 44,000ಕ್ಕೆ ಶೇ. 5ರಂತೆ 2,200. ಅದರಲ್ಲಿ ಐಜಿಎಸ್‌ಟಿ 900, ಸಿಜಿಎಸ್‌ಟಿ 650, ಎಸ್‌ಜಿಎಸ್‌ಟಿ 650. ಇದರಿಂದ ಅವರು ಈಗಾಗಲೇ ತಾವು ಕೊಟ್ಟ ತೆರಿಗೆಯನ್ನು ಕಳೆಯಬಹುದು. ಅದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. 15,000 ರೂಪಾಯಿಯ ಬಟ್ಟೆ ಕೊಂಡಾಗ ಶೇ. 5ರಂತೆ ಕೊಟ್ಟದ್ದು 750. ಮಾರುಕಟ್ಟೆಯ ಶುಲ್ಕದ ಮೇಲೆ ಕೊಟ್ಟದ್ದು 1,440. ಒಟ್ಟು 2,190. ಎರಡೂ ಬಿಲ್ಲುಗಳಲ್ಲಿ ಅತ್ತಿಗೆಯ ಜಿಎಸ್‌ಟಿಐಎನ್ ಇದ್ದು, ಅವು ಪೋರ್ಟಲ್‌ನಲ್ಲಿ ಅವರ ಲೆಕ್ಕದಲ್ಲಿ ಕಾಣಿಸಿಕೊಂಡರೆ ಮಾತ್ರ ಈ ಕ್ರೆಡಿಟ್ ಸಿಗುತ್ತದೆ.

2,200ರಲ್ಲಿ 2,190 ಕಳೆದರೆ ಉಳಿಯುವುದು 10 ರೂಪಾಯಿ. ಬಟ್ಟೆ ಮತ್ತು ಶುಲ್ಕ ಎರಡರ ಬಿಲ್ಲೂ ಕರ್ನಾಟಕದವೇ ಆದರೆ ಆ 10 ಉಳಿಯುವುದು ಐಜಿಎಸ್‌ಟಿಯಲ್ಲಿ. ಅದನ್ನು ಟಿಸಿಎಸ್‌ನ 90ರಿಂದ ತೀರಿಸಬಹುದು. ಟಿಸಿಎಸ್ ಬಂದು ಕೂರುವುದು ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ನಲ್ಲಿ, ಕ್ರೆಡಿಟ್ ಲೆಡ್ಜರ್‌ನಲ್ಲಿ ಅಲ್ಲ. ಎಂದರೆ ನಾವು ಚಲನ್ ತುಂಬಿ ಕಟ್ಟಿದ ಹಣದಂತೆಯೇ ಅದು. ಆ ತಿಂಗಳು 220ರಲ್ಲಿ 10 ಬಳಕೆಯಾಗಿ 210 ಅಲ್ಲೇ ಉಳಿಯಿತು.

ಈ 210 ನಷ್ಟವಲ್ಲ, ಅತ್ತಿಗೆಯದ್ದೇ ಹಣ. ಮುಂದಿನ ತೆರಿಗೆಗೆ ಬಳಸಬಹುದು, ಇಲ್ಲವೇ ಆರ್‌ಎಫ್‌ಡಿ-01 ಅರ್ಜಿ ಹಾಕಿ ವಾಪಸ್ ಕೇಳಬಹುದು. ಆದರೆ ಶೇ. 5ರ ಸರಕು ಮಾರಿ ಶೇ. 18ರ ಶುಲ್ಕ ಕೊಡುವವರಿಗೆ ಕ್ರೆಡಿಟ್‌ನಲ್ಲೇ ತೆರಿಗೆ ತೀರಿಹೋಗುತ್ತದೆ, ಕ್ಯಾಶ್ ಲೆಡ್ಜರ್ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತುಂಬುತ್ತಾ ಹೋಗುತ್ತದೆ. ಬಟ್ಟೆ ಕೊಳ್ಳಲು ಕೈಯಲ್ಲಿರಬೇಕಾದ ಹಣ ಪರದೆಯ ಮೇಲಿನ ಅಂಕಿಯಾಗಿ ಕೂರುತ್ತದೆ.

ಹತ್ತು ರೂಪಾಯಿಗೆ ಎಷ್ಟು ಕೆಲಸ

ವಹಿವಾಟು 5 ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅತ್ತಿಗೆ ಅದನ್ನೇ ಆರಿಸಿದ್ದಾರೆ. ಆಗ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 13ರೊಳಗೆ, ತೆರಿಗೆ ತೀರಿಸುವ ಜಿಎಸ್‌ಟಿಆರ್-3ಬಿ ಕರ್ನಾಟಕದವರಿಗೆ 22ರೊಳಗೆ. ತ್ರೈಮಾಸಿಕದ ಮೊದಲ ಎರಡು ತಿಂಗಳಿಗೆ ಕೈಯಿಂದ ಕಟ್ಟಬೇಕಾದ ತೆರಿಗೆ ಇದ್ದರೆ ಮುಂದಿನ ತಿಂಗಳ 25ರೊಳಗೆ ಚಲನ್.

ಟಿಸಿಎಸ್‌ನದ್ದು ಬೇರೆ ಹೆಜ್ಜೆ. ಮಾರುಕಟ್ಟೆಯವರು ಪ್ರತಿ ತಿಂಗಳು ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಎಂಬ ತಮ್ಮ ರಿಟರ್ನ್ ಸಲ್ಲಿಸುತ್ತಾರೆ. ಆಮೇಲೆ ನಮ್ಮ ಪೋರ್ಟಲ್‌ನಲ್ಲಿ ‘ಟಿಡಿಎಸ್ ಮತ್ತು ಟಿಸಿಎಸ್ ಕ್ರೆಡಿಟ್ ಸ್ವೀಕೃತಿ’ ಎಂಬ ಪುಟದಲ್ಲಿ ಮೊತ್ತ ಕಾಣುತ್ತದೆ. ಅದನ್ನು ನೋಡಿ, ಒಪ್ಪಿ, ಸಲ್ಲಿಸಬೇಕು. ಒಪ್ಪುವ ತನಕ ಹಣ ಕ್ಯಾಶ್ ಲೆಡ್ಜರಿಗೆ ಬರುವುದಿಲ್ಲ. ‘ಅದು ತಾನಾಗಿ ಬರ್ತದೆ’ ಎಂದು ಸುಮ್ಮನಿರುವವರ ಟಿಸಿಎಸ್ ತಿಂಗಳುಗಟ್ಟಲೆ ಅಲ್ಲೇ ಕಾಯುತ್ತಿರುತ್ತದೆ.

ಒಪ್ಪುವ ಮೊದಲು ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡಬೇಕು: ಮಾರುಕಟ್ಟೆಯವರು ಕೊಡುವ ತಿಂಗಳ ಮಾರಾಟ ವರದಿ, ಟಿಸಿಎಸ್ ಪುಟದ ನಿವ್ವಳ ಮೊತ್ತ, ನಮ್ಮ ಜಿಎಸ್‌ಟಿಆರ್-1ರ ಕರಡು. ಮೂರರಲ್ಲೂ ನಮ್ಮ ಉದಾಹರಣೆಯ 44,000 ಬರಬೇಕು. ಜಿಎಸ್‌ಟಿಆರ್-1ರಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾಡಿದ ಮಾರಾಟವನ್ನು ರಾಜ್ಯವಾರು ಕೂಡಿಸಿ 7ನೇ ಕೋಷ್ಟಕದಲ್ಲಿ ಹಾಕುತ್ತೇವೆ. 14ನೇ ಕೋಷ್ಟಕದಲ್ಲಿ ಅದೇ ಮೊತ್ತವನ್ನು ಮಾರುಕಟ್ಟೆಯ ಜಿಎಸ್‌ಟಿಐಎನ್‌ನೊಡನೆ ಇನ್ನೊಮ್ಮೆ ತೋರಿಸುತ್ತೇವೆ. ಎರಡು ಕಡೆ ಬರೆದರೂ ತೆರಿಗೆ ಎರಡು ಸಲ ಬೀಳುವುದಿಲ್ಲ. 14ನೆಯದು ಯಾರ ಮೂಲಕ ಮಾರಿದೆವು ಎನ್ನುವ ಮಾಹಿತಿ ಮಾತ್ರ.

ಇಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಬ್ಯಾಂಕ್ ಪಾಸ್‌ಬುಕ್. ಅದರಲ್ಲಿ 36,540 ಬಂದಿದೆ, ಹಾಗಾಗಿ ಅದೇ ನನ್ನ ವ್ಯಾಪಾರ ಎಂದು ರಿಟರ್ನ್‌ನಲ್ಲಿ ಬರೆದರೆ, ಮಾರುಕಟ್ಟೆಯವರು ಹೇಳಿದ 44,000ಕ್ಕೆ ತಾಳೆಯಾಗುವುದಿಲ್ಲ. ಇಲಾಖೆಯ ಕಣ್ಣಿಗೆ ಅದು ಮುಚ್ಚಿಟ್ಟ ಮಾರಾಟದಂತೆ ಕಾಣುತ್ತದೆ, ನೋಟಿಸ್ ಬರುತ್ತದೆ. ಶುಲ್ಕ ಎನ್ನುವುದು ನಮ್ಮ ಖರ್ಚು. ಅದನ್ನು ಮಾರಾಟದಿಂದ ಕಳೆದು ಹೇಳುವಂತಿಲ್ಲ. ಎರಡನೆಯದು ವಾಪಸ್ ಬಂದ ಸರಕು. ತಿಂಗಳ 28ಕ್ಕೆ ಹೋದ ಫ್ರಾಕ್ ಮುಂದಿನ ತಿಂಗಳ 6ಕ್ಕೆ ವಾಪಸ್ ಬಂದರೆ, ಹೋದ ತಿಂಗಳಿನ ಲೆಕ್ಕದಲ್ಲಿ ಮಾರಾಟ, ವಾಪಸ್ ಬಂದ ತಿಂಗಳಿನ ಲೆಕ್ಕದಲ್ಲಿ ಕಡಿತ. ಮಾರುಕಟ್ಟೆಯವರು ಹೀಗೆ ಬರೆದು, ನಾವು ಮಾತ್ರ ಹಳೆಯ ತಿಂಗಳಿನಲ್ಲೇ ಕಳೆದರೆ ಎರಡೂ ತಿಂಗಳು ತಾಳೆ ತಪ್ಪುತ್ತದೆ.

ಇನ್ನು ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಅತ್ತಿಗೆಗೆ ಆರ್ಡರ್ ಬಹಳ ಕಡಿಮೆ. ಒಂದು ತ್ರೈಮಾಸಿಕ ಏನೂ ಮಾರದಿದ್ದರೂ ‘ಶೂನ್ಯ’ ಎಂದು ರಿಟರ್ನ್ ಸಲ್ಲಿಸಲೇಬೇಕು. ತಡವಾದರೆ ಶೂನ್ಯ ರಿಟರ್ನ್‌ಗೆ ದಿನಕ್ಕೆ 20 ರೂಪಾಯಿ, ಮಾರಾಟ ಇದ್ದರೆ ದಿನಕ್ಕೆ 50 ರೂಪಾಯಿ. ಅತ್ತಿಗೆಯಂಥ ಸಣ್ಣವರಿಗೆ ಒಂದು ರಿಟರ್ನ್‌ಗೆ ಇದು ಶೂನ್ಯವಾದರೆ 500ಕ್ಕೆ, ಮಾರಾಟ ಇದ್ದರೆ 2,000ಕ್ಕೆ ನಿಲ್ಲುತ್ತದೆ. 10 ರೂಪಾಯಿ ತೆರಿಗೆಯ ರಿಟರ್ನ್ ಒಂದು ದಿನ ತಡವಾದರೆ ತೆರಿಗೆಯ ಐದು ಪಟ್ಟು ತಡ ಶುಲ್ಕ. ಎರಡು ತ್ರೈಮಾಸಿಕ ಸತತವಾಗಿ ಬಿಟ್ಟರೆ ನೋಂದಣಿಯೇ ರದ್ದಾಗಬಹುದು.

ವರ್ಷಕ್ಕೆ ಕೂಡಿಸಿ ನೋಡಿದೆ. ನಾಲ್ಕು ಜಿಎಸ್‌ಟಿಆರ್-1, ನಾಲ್ಕು ಜಿಎಸ್‌ಟಿಆರ್-3ಬಿ, ಹನ್ನೆರಡು ಸಲ ಟಿಸಿಎಸ್ ಒಪ್ಪಿಗೆ. ಒಟ್ಟು 20 ಸಲ್ಲಿಕೆ. ನಮ್ಮ ಮನೆಯಲ್ಲಿ ಲೆಕ್ಕ ಬರೆಯಲು ನಾನಿದ್ದೇನೆ. ಇಲ್ಲದವರು ಹಣ ಕೊಟ್ಟು ಬರೆಸುತ್ತಾರೆ, ಆ ಹಣ ತೆರಿಗೆಗಿಂತ ಎಷ್ಟೋ ಹೆಚ್ಚು.

ನನ್ನ ಅಭಿಪ್ರಾಯ

ಈಗ ಅದೇ ತಿಂಗಳನ್ನು ಇನ್ನೊಂದು ರೀತಿಯಲ್ಲಿ ನೋಡಿ. ಅತ್ತಿಗೆಗೆ ನೋಂದಣಿ ಇಲ್ಲ, ಆದರೂ ಹೊರರಾಜ್ಯಕ್ಕೆ ಮಾರಲು ಅವಕಾಶ ಇತ್ತು ಎಂದುಕೊಳ್ಳಿ. ಅವರು ಗ್ರಾಹಕರಿಂದ 25 ರೂಪಾಯಿ ತೆರಿಗೆ ಕೇಳುವಂತಿಲ್ಲ. ಆದರೆ ಬಟ್ಟೆಯ ಮೇಲಿನ 750 ಮತ್ತು ಶುಲ್ಕದ ಮೇಲಿನ 1,440 ಅವರು ಕೊಟ್ಟೇ ಕೊಡುತ್ತಾರೆ, ಕ್ರೆಡಿಟ್ ಸಿಗುವುದಿಲ್ಲ. ಬಟ್ಟೆ ಅಂಗಡಿಯವರೂ ಮಾರುಕಟ್ಟೆಯವರೂ ಆ 2,190 ರೂಪಾಯಿಯನ್ನು ಸರ್ಕಾರದ ಲೆಕ್ಕಕ್ಕೆ ಸೇರಿಸುತ್ತಾರೆ. ನೋಂದಣಿ ಇದ್ದಾಗ ಈ ಮಾರಾಟದಿಂದ ಒಟ್ಟು ತೆರಿಗೆ 2,200, ಇಲ್ಲದಿದ್ದಾಗ 2,190. 20 ಸಲ್ಲಿಕೆಯ ಇಡೀ ವ್ಯವಸ್ಥೆಯಿಂದ ಆ ತಿಂಗಳು ಹೆಚ್ಚಾಗಿ ಬಂದದ್ದು 10 ರೂಪಾಯಿ.

ಎಲ್ಲ ವ್ಯಾಪಾರದಲ್ಲೂ ಹೀಗೇ ಆಗುವುದಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಶೇ. 18ರ ಸರಕು ಮಾರುವವರಿಗೆ, ಅಥವಾ ಕಚ್ಚಾ ವಸ್ತು ಕಡಿಮೆ ಇದ್ದು ಕೈಕೆಲಸವೇ ಹೆಚ್ಚಿರುವವರಿಗೆ ತೆರಿಗೆ ಇದಕ್ಕಿಂತ ದೊಡ್ಡದಾಗುತ್ತದೆ. ಇನ್ನೊಂದು ಗಟ್ಟಿಯಾದ ವಾದವೂ ಇದೆ. ಜಿಎಸ್‌ಟಿ ಎನ್ನುವುದು ಸರಕು ಬಳಕೆಯಾಗುವ ರಾಜ್ಯಕ್ಕೆ ಸೇರಬೇಕಾದ ತೆರಿಗೆ. ಮಂಜೇಶ್ವರದ ಮಗು ತೊಟ್ಟ ಫ್ರಾಕ್‌ನ ಪಾಲು ಕೇರಳಕ್ಕೆ ಹೋಗಬೇಕು. ನಮ್ಮ ಉದಾಹರಣೆಯ 900 ರೂಪಾಯಿ ಐಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೆ, ಉಳಿದ 450 ಕೊಂಡವರ ರಾಜ್ಯಗಳಿಗೆ. ನೋಂದಣಿ ಇಲ್ಲದಿದ್ದರೆ ಆ ರಾಜ್ಯಗಳಿಗೆ ಅದು ಸಿಗುವುದಿಲ್ಲ, ಬಟ್ಟೆ ಮತ್ತು ಶುಲ್ಕದ ತೆರಿಗೆ ಕೇಂದ್ರ ಮತ್ತು ಕರ್ನಾಟಕದಲ್ಲೇ ಉಳಿಯುತ್ತದೆ. ಗಡಿ ನಿಯಮಕ್ಕೆ ನಿಜವಾದ ಕಾರಣ ಇದೇ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಆದರೆ ಇದೇ ನಷ್ಟವನ್ನು ಸರ್ಕಾರ ಬೇರೆಯವರ ವಿಷಯದಲ್ಲಿ ಈಗಾಗಲೇ ಒಪ್ಪಿಕೊಂಡಿದೆ. ಸೇವೆ ಒದಗಿಸುವವರು ವರ್ಷಕ್ಕೆ 20 ಲಕ್ಷದವರೆಗೆ ಹೊರರಾಜ್ಯಕ್ಕೆ ನೋಂದಣಿ ಇಲ್ಲದೆ ಸೇವೆ ಕೊಡಬಹುದು ಎಂದು 2017ರ ಅಕ್ಟೋಬರ್‌ನಲ್ಲೇ ವಿನಾಯಿತಿ ಬಂದಿದೆ. ಗುಲ್ವಾಡಿಯಲ್ಲಿ ಕುಳಿತು ಮಂಜೇಶ್ವರದ ಅಂಗಡಿಗೆ ಲೋಗೋ ಬಿಡಿಸಿ ಕಳುಹಿಸುವ ಹುಡುಗನಿಗೆ ಗಡಿ ಇಲ್ಲ. ಅದೇ ಮನೆಯಲ್ಲಿ ಫ್ರಾಕ್ ಹೊಲಿಯುವ ಅವನ ಅಕ್ಕನಿಗೆ ಗಡಿ ಇದೆ. ಈ ಭೇದಕ್ಕೆ ನನಗೆ ಸಮಾಧಾನಕರ ಕಾರಣ ಸಿಕ್ಕಿಲ್ಲ. ಸರಕಿನ ಜಾಡು ಸಿಗುವುದಿಲ್ಲ ಎಂದು ಹೇಳುವುದಾದರೆ, ಆನ್‌ಲೈನ್ ಮಾರುಕಟ್ಟೆಯ ಪ್ರತಿ ಮಾರಾಟದ ಜಾಡು ಮಾರುಕಟ್ಟೆಯವರ ಬಳಿ ಇದೆ. ದಾಖಲಾತಿ ಸಂಖ್ಯೆಯವರ ಮಾರಾಟವನ್ನೂ ಅವರು ಜಿಎಸ್‌ಟಿಆರ್-8ರಲ್ಲಿ ಕೊಡುತ್ತಲೇ ಇದ್ದಾರೆ.

ಆದ್ದರಿಂದ ದಾಖಲಾತಿ ಸಂಖ್ಯೆ ಇರುವ ಸಣ್ಣ ಮಾರಾಟಗಾರರಿಗೆ ಆನ್‌ಲೈನ್ ಮಾರುಕಟ್ಟೆಯ ಮೂಲಕ ಹೊರರಾಜ್ಯಕ್ಕೂ ಒಂದು ಮಿತಿಯೊಳಗೆ ಮಾರಲು ಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ಸೇವೆಗೆ ಇರುವ 20 ಲಕ್ಷವೇ ಇರಲಿ. ಕೊಂಡವರ ರಾಜ್ಯದ ಪಾಲು ತಪ್ಪಬಾರದು ಎಂದಾದರೆ ಮಾರುಕಟ್ಟೆಯವರೇ ಒಂದು ಸಣ್ಣ ನಿಗದಿತ ದರ ಹಿಡಿದು ಆ ರಾಜ್ಯಕ್ಕೆ ಕಟ್ಟಲಿ, ಅಲ್ಲಿಗೆ ಲೆಕ್ಕ ಮುಗಿಯಲಿ. ಟಿಸಿಎಸ್ ಹಿಡಿಯುವ ವ್ಯವಸ್ಥೆ ಅವರಲ್ಲಿ ಈಗಾಗಲೇ ಇದೆ. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ 56ನೇ ಸಭೆ, ಹಲವು ರಾಜ್ಯಗಳಲ್ಲಿ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವ ಸಣ್ಣವರಿಗೆ ಸರಳ ನೋಂದಣಿ ತರುವುದನ್ನು ತಾತ್ವಿಕವಾಗಿ ಒಪ್ಪಿತು. ಆದರೆ ಅದರ ಉದ್ದೇಶ ಪ್ರತಿ ರಾಜ್ಯದಲ್ಲೂ ವ್ಯಾಪಾರದ ವಿಳಾಸ ಹೊಂದಿಸಲಾಗದವರ ಕಷ್ಟ ಪರಿಹರಿಸುವುದು. ಮನೆಯಿಂದಲೇ ಪಾರ್ಸೆಲ್ ಕಳುಹಿಸುವವರ ಕಷ್ಟ ವಿಳಾಸದ್ದಲ್ಲ, 20 ಸಲ್ಲಿಕೆಯದ್ದು. ನೋಂದಣಿ ಬೇಗ ಸಿಕ್ಕಿದ ಮಾತ್ರಕ್ಕೆ ರಿಟರ್ನ್ ಕಡಿಮೆಯಾಗುವುದಿಲ್ಲ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬರೆದು ಹಾಕಿದ್ದು ನಮಗೆಲ್ಲ ನೆನಪಿದೆ. ನಿಯಮ ಸಣ್ಣವರ ಅಳತೆಗೆ ಇಲ್ಲದಿದ್ದರೆ ಅವರು ಲೆಕ್ಕದಿಂದಲೇ ಹೊರಗೆ ಸರಿಯುತ್ತಾರೆ. ಹೊರರಾಜ್ಯಕ್ಕೆ ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿದು ಸದ್ದಿಲ್ಲದೆ ಅಂಚೆಗೆ ಹಾಕುವವರೂ ಮಾಡುತ್ತಿರುವುದು ಅದನ್ನೇ.

ನಿಯಮ ಬದಲಾಗುವ ತನಕ ನಮ್ಮ ಕಾಲೇಜಿನಲ್ಲಿ ಆನ್‌ಲೈನ್ ಅಂಗಡಿ ತೆರೆಯಲು ಹೊರಟವರು, ಮನೆಯವರಿಗೆ ಸಹಾಯ ಮಾಡುವವರು ಒಂದು ಕೆಲಸ ಮಾಡಬಹುದು. ಮೊದಲು ದಾಖಲಾತಿ ಸಂಖ್ಯೆಯಲ್ಲೇ ಶುರು ಮಾಡಿ. ಹೊರರಾಜ್ಯದಿಂದ ಎಷ್ಟು ಜನ ಕೇಳಿದರು ಎಂದು ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಮಾರಾಟದ ಲಾಭ ರಿಟರ್ನ್ ಬರೆಸುವ ಖರ್ಚಿಗಿಂತ ಹೆಚ್ಚಾಗುತ್ತದೆ ಎಂದು ಲೆಕ್ಕ ಹೇಳಿದರೆ ನೋಂದಣಿ ಮಾಡಿಸಿ. ಅತ್ತಿಗೆಗೆ ಹೊರಗಿನ 36 ಫ್ರಾಕ್‌ಗಳ ಲಾಭ ಆ ಖರ್ಚಿಗಿಂತ ಹೆಚ್ಚಿತ್ತು, ಅದಕ್ಕೇ ಮಾಡಿಸಿದೆವು. ನಾಲ್ಕೇ ಫ್ರಾಕ್ ಆಗಿದ್ದರೆ ಬೇಡ ಎನ್ನುತ್ತಿದ್ದೆ.